ಸಮಸ್ಯೆ: "ಊದಲನ್ನೇ ತಿಂದೆ, ಊದಲಿಲ್ಲ"

ಪ್ರಾಸಲಕ್ಷ್ಮಿ: ಈ ವಾರದ ಸಮಸ್ಯೆ ಪೊಟ್ಟಣದ ಮೇಲೆ ಅಚ್ಚಾಗಬೇಕಾದ ಸಾಲು. ಊದಲು ಎಂಬ ಸಿರಿಧಾನ್ಯದ ನಿಪ್ಪಟ್ಟು ಮಾಡಿ ಮಾರುವವರೊಬ್ಬರು ಇದನ್ನು ಘೋಷವಾಕ್ಯ ಮಾಡಬೇಕೆಂದಿದ್ದಾರೆ. ಅವರ ಮನಸ್ಸಿನಲ್ಲಿರುವುದು "ತಿಂದರೂ ಮೈ ಬರುವುದಿಲ್ಲ" ಎಂಬ ಅರ್ಥ. ಸಾಲಿಗೆ ಐದು ಮಾತ್ರೆಯ ಮೂರು ಗಣ, ಕೊನೆಗೆ ಎರಡು ಮಾತ್ರೆ, ದಕಾರ ಪ್ರಾಸ. ಪಾದದ ಕೊನೆಯ ಲಘುವಿಗೆ ಗುರುವಿನ ಸಲುಗೆ ಉಂಟು. ಇದನ್ನೇ ಕೊನೆಯ ಸಾಲಾಗಿಟ್ಟು ಮೇಲೆ ಮೂರು ಸಾಲು ಕಟ್ಟುವ ಪೂರಣದ ಜೊತೆ, ಸಾಲು ಆ ಅರ್ಥವನ್ನು ಹೊರುತ್ತದೆಯೇ ಅನ್ನುವುದನ್ನೂ ನೋಡಿ.

ಕರಿಗಡುಬು: ಅವರು ಕೇಳಿದ ಅರ್ಥಕ್ಕೇ ಪೂರಣ:

ಮೈದದುಂಡೆಯ ಮೆದ್ದು ಹೊಟ್ಟೆಯುಬ್ಬಿ
ಬೈದರೆನ್ನನು ಮನೆಯ ಹಿರಿಯರೆಲ್ಲ
ಈ ದಿನವೊ ನಿಪ್ಪಟ್ಟು ಹತ್ತು ಮುಗಿಸಿ
ಊದಲನ್ನೇ ತಿಂದೆ, ಊದಲಿಲ್ಲ

ಅರ್ಥ ಸ್ಪಷ್ಟ, ಅಚ್ಚಿಗೆ ಕಳಿಸಬಹುದು.

ಛಂದೋವ್ಯಸನಿ: ಗಣ ಸರಿಯಿದೆ, ಪ್ರಾಸ ಸರಿಯಿದೆ. ಆದರೆ ಅರ್ಥ ಸ್ಪಷ್ಟವಾಗಿದ್ದು ಮೇಲಿನ ಮೂರು ಸಾಲುಗಳಿಂದ. ಅದೇ ಕೊನೆಯ ಸಾಲಿಗೆ ಇದನ್ನು ಓದಿ:

ಕಾದೆಣ್ಣೆಯಿಂದೆದ್ದ ನಿಪ್ಪಟ್ಟಿದು
ಆದುದಾಗಲೆ ತಣ್ಣಗೆಂದು ಕೊಟ್ಟರು
ಓದುತ್ತ ಕುಳಿತಲ್ಲೆ ಬಾಯಿಗಿಟ್ಟೆ
ಊದಲನ್ನೇ ತಿಂದೆ, ಊದಲಿಲ್ಲ

ಈಗ ಊದಲಿಲ್ಲ ಅಂದರೆ ಬಾಯಿಂದ ಗಾಳಿ ಊದಲಿಲ್ಲ. ಇನ್ನೊಂದು, ಮಾರುವವರಿಗೆ ಹೊಟ್ಟೆಯುರಿಯುವಂಥದ್ದು:

ಹಾದಿಬದಿಯಂಗಡಿಯ ಚೀಟಿ ನಂಬಿ
ಓದಿದೆನು ಹಿಂಬದಿಯ ಪಟ್ಟಿಯನ್ನು
ಮೈದವಿದೆ, ಅಕ್ಕಿಯಿದೆ, ಕಡಲೆಯಿದೆ ಕೇಳ್
ಊದಲನ್ನೇ ತಿಂದೆ, ಊದಲಿಲ್ಲ

ಊದಲು ಇಲ್ಲ, ಸಂಧಿಯಾಗಿ ಊದಲಿಲ್ಲ! ಸಮಸ್ಯೆಯಾಗಿ ಇದು ಬಂಗಾರ. ಮೂರು ದಾರಿಗೆ ಮೂರು ಪೂರಣ ಸಿಕ್ಕಿತು. ಘೋಷವಾಕ್ಯವಾಗಿ ಅದೇ ಕಾರಣಕ್ಕೆ ಕೆಟ್ಟಿದೆ. ಪೊಟ್ಟಣದಲ್ಲಿ ಮೇಲಿನ ಮೂರು ಸಾಲು ಇರುವುದಿಲ್ಲ, ಅನುಮಾನ ಕಳೆಯುವವರು ಯಾರೂ ಇರುವುದಿಲ್ಲ.

ಹಾವೇರಿ ಸುಮಾ: ನಮ್ಮ ಕಡೆ ಸಾಮೆಗೆ ಸಾವಿ ಅಂತೀವಿ. "ಸಾವಿ ತಿಂದವರಿಗೆ ಸಾವಿಲ್ಲ" ಹೆಂಗೈತ್ರಿ? ಇದರಾಗ ಎರಡರ್ಥ ಇಲ್ಲ.

ಛಂದೋವ್ಯಸನಿ: ಪದ ಚೆನ್ನಾಗಿ ಕೂತಿದೆ ಸುಮಕ್ಕ. ಆದರೆ ತಿಂಡಿ ಪೊಟ್ಟಣದ ಮೇಲೆ ಮೊದಲು ಕಣ್ಣಿಗೆ ಬೀಳುವುದು "ಸಾವು". ಮೈಸೂರು ಕಡೆಯವರಿಗೆ ಸಾವಿ ಅಂದರೆ ಧಾನ್ಯ ಅಂತಲೇ ಹೊಳೆಯದು, ಅವರಿಗೆ ಉಳಿಯುವುದು ಸಾವು ಮಾತ್ರ.

ರಾಜೇಶ್ವರಿ ಭಟ್: ನಿಪ್ಪಟ್ಟಿನ ವಿಷಯ ಬಂತಲ್ಲ, ನಾನು ಊದಲು ಹಿಟ್ಟಿನಲ್ಲಿ ತಟ್ಟಿದರೆ ಅಂಚು ಬಿರಿಯುತ್ತೆ, ಎಣ್ಣೆಯಲ್ಲಿ ಪುಡಿಯಾಗುತ್ತೆ. ಏನು ಮಾಡಲಿ?

ಗಣಪತಿ ಮಾಸ್ತರು: ತಾಯಿ, ಪ್ರಶ್ನೆ ಬೇರೆ ಇತ್ತು, ಆದರೂ ಉತ್ತರ ಇಲ್ಲಿಗೇ ಬೇಕಾದದ್ದು. ಊದಲಿಗೆ ಗೋಧಿಯ ಹಾಗೆ ಅಂಟಿಲ್ಲ. ಎರಡು ಲೋಟ ಊದಲು ಹಿಟ್ಟಿಗೆ ಅರ್ಧ ಲೋಟ ಅಕ್ಕಿ ಹಿಟ್ಟು, ಕಾಲು ಲೋಟ ಹುರಿಗಡಲೆ ಪುಡಿ, ಎರಡು ಚಮಚ ಕಾದ ಎಣ್ಣೆ ಹಾಕಿ, ಬಿಸಿನೀರಲ್ಲಿ ಕಲಸಿ ಹದಿನೈದು ನಿಮಿಷ ಒದ್ದೆ ಬಟ್ಟೆ ಮುಚ್ಚಿಡಿ. ಆಮೇಲೂ ಬಿರಿದರೆ ನೀರು ಸಾಲದು ಅಂತ ಅರ್ಥ.

ಈಗ ಘೋಷವಾಕ್ಯಕ್ಕೆ ಬನ್ನಿ. ಈ ಅಳತೆಯಲ್ಲಿ ಹಿಟ್ಟಿನ ಪಾಲಲ್ಲೇ ಊದಲು ಮುಕ್ಕಾಲಿಗಿಂತ ಕಡಿಮೆ. ಆಗ "ಊದಲನ್ನೇ" ಅನ್ನುವ ಏಕಾರ ಸುಳ್ಳು. ಹೆಸರಲ್ಲಿ ಎತ್ತಿ ತೋರಿಸಿದ ಪದಾರ್ಥದ ಶೇಕಡಾ ಪ್ರಮಾಣವನ್ನು ಲೇಬಲ್ಲಿನಲ್ಲಿ ಹಾಕಬೇಕು, ಹಾಗಾಗಿ ಗಿರಾಕಿಗೆ ಗೊತ್ತಾಗಿಯೇ ತೀರುತ್ತದೆ. "ಮೈ ಬರಲ್ಲ" ಅನ್ನುವುದಂತೂ ಬೇಡ. ಎಫ್‌ಎಸ್‌ಎಸ್‌ಎಐ 2018ರ ನಿಯಮದಲ್ಲಿ ಕೊಬ್ಬು ಕಡಿಮೆ ಅನ್ನಬೇಕಾದರೆ ಗಟ್ಟಿ ತಿಂಡಿಯ 100 ಗ್ರಾಮಿನಲ್ಲಿ 3 ಗ್ರಾಮ್ ಮೀರಬಾರದು. ಕರಿದ ನಿಪ್ಪಟ್ಟು ಆ ಗೆರೆಯ ಹತ್ತಿರಕ್ಕೂ ಸುಳಿಯದು. ಕರಿಗಡುಬಿನವರೇ, ಹತ್ತು ತಿಂದು ನೋಡಿ ಬೇಕಾದರೆ.

ಕರಿಗಡುಬು: ಹಾಗಾದರೆ ಯಾವ ಸಾಲಿಗೂ ಬಾಯಿ ಮುಚ್ಚಿಸ್ತೀರಿ.

ಗಣಪತಿ ಮಾಸ್ತರು: ಇಲ್ಲ, ಪರೀಕ್ಷಿಸಿ ಅಂತೀನಿ. ಪೊಟ್ಟಣ ತೋರಿಸದೆ, ಊದಲು ತಿಂದು ಗೊತ್ತಿಲ್ಲದವರಿಗೆ ಸಾಲನ್ನು ಒಮ್ಮೆ ಓದಿ ಹೇಳಿ. ಎರಡೇ ಪ್ರಶ್ನೆ: ಇದು ಯಾವ ತಿಂಡಿ, ಇದು ಏನು ಮಾತು ಕೊಡ್ತಿದೆ. ಅವರ ಬಾಯಿಂದ ಮೊದಲು ಬಂದ ಪದವನ್ನೇ ಬರೆದುಕೊಳ್ಳಿ, ತಿದ್ದಬೇಡಿ. ಮಾತಿನಲ್ಲಿ ಅಲ್ಪವಿರಾಮ ಕೇಳಿಸುವುದಿಲ್ಲ ಅನ್ನುವುದು ಅಲ್ಲೇ ತಿಳಿಯುತ್ತದೆ.

ಛಂದೋವ್ಯಸನಿ: "ಊದಲು" ಅಂತ ನಿಲ್ಲಿಸಿದರೆ ಊದುವುದಕ್ಕೆ ಅಂತ ಕೇಳಿಸುತ್ತದೆ, "ಊದಲಿನ" ಅಂದರೆ ಆ ತೊಂದರೆ ಇಲ್ಲ. ಅದಕ್ಕೆ: "ಊದಲಿನ ನಿಪ್ಪಟ್ಟು, ಮುರಿದರೇ ಸದ್ದು". ಐದೈದರ ನಡೆಯೂ ಉಳಿಯಿತು, ತಿಂಡಿಯ ಹೆಸರೂ ಬಂತು. ಆರೋಗ್ಯದ ಮಾತಿಲ್ಲ, ಗರಿಗರಿಯ ಮಾತೊಂದೇ.

ರಾಜೇಶ್ವರಿ ಭಟ್: ನನ್ನ ಕಿವಿಗೆ "ಮುರಿದ್ರೇ?" ಅಂತ ಕೇಳಿದ ಹಾಗಾಯಿತು. ಬಸ್ಸಿನಲ್ಲಿ ಬರುವಷ್ಟರಲ್ಲಿ ಪೊಟ್ಟಣದೊಳಗೆ ಅರ್ಧ ಚೂರಾಗಿರುತ್ತೆ ಬೇರೆ.

ಛಂದೋವ್ಯಸನಿ: ಒಪ್ಪಿದೆ. "ಊದಲಿನ ನಿಪ್ಪಟ್ಟು, ಕಚ್ಚಿದರೆ ಸದ್ದು". ಮಾತ್ರೆ ಅಷ್ಟೇ.

ಹಾವೇರಿ ಸುಮಾ: ಮಳೆಗಾಲದಾಗ ಪೊಟ್ಟಣ ಒಡದಿಟ್ರ ಮರುದಿನ ಮೆತ್ತಗಾಗತೈತಿ. ಆಗ ಸದ್ದು ಎಲ್ಲಿಂದ ತರ್ತೀರಿ?

ಪ್ರಾಸಲಕ್ಷ್ಮಿ: ಅದಕ್ಕೆ ಚೀಲ ಬದಲಿಸಬೇಕೋ ಸಾಲು ಬದಲಿಸಬೇಕೋ ಅವರನ್ನೇ ಕೇಳ್ತೀನಿ. ಸದ್ಯ "ಕಚ್ಚಿದರೆ ಸದ್ದು" ಹೊಸ ಸಮಸ್ಯೆ, ಭಾನುವಾರದವರೆಗೆ ಪೂರಣ ಕಳಿಸಿ. ಈ ಸಲ ಚಕಾರ ಪ್ರಾಸ, ದ್ವಿತ್ವವೇ ಇರಲಿ.