ವಾಚ್ ಲೋಗೋ ದಾಟುತ್ತಿಲ್ಲ, ಸರ್ವಿಸ್‌ಗೆ ಕೊಡುವ ಮೊದಲು ಏನು ಮಾಡಬಹುದು?

ಪ್ರಶ್ನೆ: ನನ್ನ ಸ್ಮಾರ್ಟ್‌ವಾಚ್‌ಗೆ ಮೂರು ವರ್ಷ. ನಿನ್ನೆಯಿಂದ ಲೋಗೋ ಬರುತ್ತದೆ, ಆಫ್ ಆಗುತ್ತದೆ, ಮತ್ತೆ ಲೋಗೋ. ಮನೆಯಲ್ಲೇ ಏನಾದರೂ ಮಾಡಬಹುದಾ?

ರಿಪೇರಿ ಅಂಗಡಿಯವರು: ಮೊದಲು ವಾಚ್ ತಿರುಗಿಸಿ ನೋಡಿ. ಗ್ಲಾಸ್ ಅಥವಾ ಹಿಂದಿನ ಮುಚ್ಚಳ ಸ್ವಲ್ಪ ಎದ್ದಿದ್ದರೆ ಬ್ಯಾಟರಿ ಉಬ್ಬಿದೆ ಅಂತ. ಆಗ ಚಾರ್ಜ್ ಹಾಕಲೇಬೇಡಿ, ಒತ್ತಲೂಬೇಡಿ. ಅಂಥದ್ದೇನೂ ಇಲ್ಲ ಅಂದ್ರೆ ಒಂದು ಮಾತು ಹೇಳಿ: ಚಾರ್ಜರ್ ಮೇಲಿಟ್ಟಾಗಲೂ ಹೀಗೇನಾ?

ಒಬ್ಬ ಸದಸ್ಯರು: ಬ್ಯಾಟರಿ ಪೂರ್ತಿ ಖಾಲಿಯಾಗಲು ಬಿಡಿ, ಆಮೇಲೆ ಚಾರ್ಜ್ ಹಾಕಿ. ನನ್ನದು ಹಾಗೇ ಸರಿಹೋಯ್ತು.

ರಿಪೇರಿ ಅಂಗಡಿಯವರು: ಗುಂಡಿಗೂ ಜಗ್ಗದೆ ಲೋಗೋದಲ್ಲೇ ಹೆಪ್ಪುಗಟ್ಟಿದ್ದರೆ ಅದು ಕೆಲಸ ಮಾಡುತ್ತದೆ. ಆದರೆ ಹಳೆ ಬ್ಯಾಟರಿ ಪೂರ್ತಿ ಬರಿದಾದರೆ ಮತ್ತೆ ಏಳದೆಯೂ ಇರಬಹುದು. ಅದಕ್ಕಿಂತ ಗುಂಡಿ ಒತ್ತಿ ಹಿಡಿಯುವುದು ಮೇಲು. ಆಪಲ್‌ನದ್ದಾದರೆ ಪಕ್ಕದ ಗುಂಡಿ, ತಿರುಗುವ ಗುಂಡಿ ಎರಡನ್ನೂ ಕನಿಷ್ಠ 10 ಸೆಕೆಂಡ್. ಬೇರೆಯವಕ್ಕೆ ಆಯಾ ಕಂಪನಿಯ ಪುಸ್ತಕ ನೋಡಿ. ಅಪ್‌ಡೇಟ್ ನಡೆಯುತ್ತಿದ್ದರೆ ಮಾತ್ರ ಕೈ ಹಾಕಬೇಡಿ, ಚಾರ್ಜರ್ ಮೇಲೆ ಬಿಡಿ.

ಇನ್ನೊಬ್ಬರು: ನನ್ನ ವಾಚ್ ಫೋನಿಗೆ ಕನೆಕ್ಟ್ ಆಗ್ತಿಲ್ಲ, ಇದೇ ಸಮಸ್ಯೆನಾ ಸರ್?

ರಿಪೇರಿ ಅಂಗಡಿಯವರು: ಅಲ್ಲ ಮೇಡಂ, ವಾಚ್ ಆನ್ ಆಗಿದೆ ಅಲ್ವಾ. ಬೇರೆ ಪೋಸ್ಟ್ ಹಾಕಿ.

ಪ್ರಶ್ನೆ ಕೇಳಿದವರು: ಎದ್ದಿಲ್ಲ ಸರ್, ಗ್ಲಾಸ್ ಸಮವಾಗಿದೆ. ಚಾರ್ಜರ್ ಮೇಲಿಟ್ಟರೆ ಗಡಿಯಾರದ ಮುಖ ಬರುತ್ತದೆ, 58% ಅಂತಲೂ ತೋರಿಸುತ್ತದೆ. ತೆಗೆದು ಮೆಸೇಜ್ ಬಂದು ಗುರ್ರ್ ಅಂದ ಕೂಡಲೇ ಆಫ್.

ರಿಪೇರಿ ಅಂಗಡಿಯವರು: ಹಾಗಾದರೆ ಸಾಫ್ಟ್‌ವೇರ್ ಮೇಲೆ ಅನುಮಾನ ಕಡಿಮೆ. ಸಾಫ್ಟ್‌ವೇರ್ ಕೆಟ್ಟಿದ್ದರೆ ಚಾರ್ಜರ್ ಮೇಲಿದ್ದರೂ ಅದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಆನ್ ಆಗುವಾಗ, ವೈಬ್ರೇಟ್ ಆಗುವಾಗ ಒಮ್ಮೆಗೇ ಜಾಸ್ತಿ ಕರೆಂಟ್ ಬೇಕು. ಸೊರಗಿದ ಬ್ಯಾಟರಿಯ ವೋಲ್ಟೇಜ್ ಆ ಕ್ಷಣ ಕುಸಿಯುತ್ತದೆ, ವಾಚ್ ಆಫ್ ಆಗುತ್ತದೆ. 58% ನಂಬಬೇಡಿ.

ಆದರೂ ಒಂದು ಪರೀಕ್ಷೆ ಬಾಕಿ. ಹಿಂಭಾಗದ ಚಾರ್ಜಿಂಗ್ ಜಾಗದಲ್ಲಿ ಬೆವರಿನ ಉಪ್ಪು ಕೂತಿದ್ದರೆ ಚಾರ್ಜೇ ಸರಿಯಾಗಿ ಏರಿರುವುದಿಲ್ಲ. ಒಣ ಬಟ್ಟೆಯಲ್ಲಿ ಒರೆಸಿ, ವಾಚ್ ಜೊತೆ ಬಂದ ಕೇಬಲ್‌ನಲ್ಲಿ ಎರಡು ಗಂಟೆ ಚಾರ್ಜ್ ಮಾಡಿ. ಪಕ್ಕದ ಗುಂಡಿ ಒಳಗೇ ಅಂಟಿಕೊಂಡಿದೆಯಾ ಅಂತಲೂ ಒತ್ತಿ ನೋಡಿ. ಅಂಟಿದ ಗುಂಡಿಯೂ ಇದೇ ಆಟ ಆಡಿಸುತ್ತದೆ.

ಪ್ರಶ್ನೆ ಕೇಳಿದವರು: ಗುಂಡಿ ಚೆನ್ನಾಗಿದೆ. ಒರೆಸಿ ಚಾರ್ಜ್ ಮಾಡಿದೆ, 20 ನಿಮಿಷ ನಿಂತಿತು. ಜಿಪಿಎಸ್ ಹಾಕಿದ ತಕ್ಷಣ ಮತ್ತೆ ಲೋಗೋ. ರೀಸೆಟ್ ಮಾಡಲಾ?

ರಿಪೇರಿ ಅಂಗಡಿಯವರು: ಸುಮ್ನೆ ಡೇಟಾ ಹೋಗುತ್ತದೆ, ಬೇಡ. ಚಾರ್ಜರ್ ಮೇಲಿಟ್ಟುಕೊಂಡೇ ಫೋನಿಗೆ ಸಿಂಕ್ ಮಾಡಿ, ಆಮೇಲೆ ಸರ್ವಿಸ್‌ಗೆ ಕೊಡಿ. ನೀವೇ ಬಿಚ್ಚಬೇಡಿ, ನೀರು ತಡೆಯುವ ಅಂಟು ಹೋಗುತ್ತದೆ. ಬ್ಯಾಟರಿ ಬದಲಿಸಿದ ಮೇಲೆ ಆ ಅಂಟನ್ನು ಹೊಸದಾಗಿ ಹಾಕುತ್ತಾರಾ ಅಂತ ಕೇಳಿ.

ಪ್ರಶ್ನೆ ಕೇಳಿದವರು: ಹೊಸ ಬ್ಯಾಟರಿ ಹಾಕಿದರೆ ಗ್ಯಾರಂಟಿ ಸರಿಹೋಗುತ್ತಾ?

ರಿಪೇರಿ ಅಂಗಡಿಯವರು: ಬೋರ್ಡ್‌ಗೆ ತೇವ ತಗುಲಿದ್ದರೂ ಹೀಗೇ ಆಗುತ್ತದೆ. ಬಿಚ್ಚಿ ನೋಡದೆ ಗ್ಯಾರಂಟಿ ಕೊಡಲಾರೆ. ಮೊದಲು ರೇಟ್ ಕೇಳಿ, ಹೊಸ ವಾಚ್‌ನ ಅರ್ಧದಷ್ಟಾದರೆ ನಾನಂತೂ ಹಾಕಿಸುವುದಿಲ್ಲ.