413ಕ್ಕೆ ತೆಗೆದುಕೊಂಡೆ, ಈಗ 384. ಬಾಕ್ಸ್ ಒಳಗೇ ಇದೆ ಅಲ್ವಾ?

ಹನುಮಂತನಗರ_ಹರಿ
ಡಾರ್ವಾಸ್ ಬಾಕ್ಸ್ ಹಾಕಿ ಒಂದು ಮಿಡ್‌ಕ್ಯಾಪ್ ಷೇರನ್ನು 413ಕ್ಕೆ 120 ತೆಗೆದುಕೊಂಡೆ. 20 ದಿನದ ಹೈ 412, ಲೋ 352. ಅದೇ ನನ್ನ ಬಾಕ್ಸ್, ಸ್ಟಾಪ್ 351. ತೆಗೆದುಕೊಂಡ ಬುಧವಾರ 415 ಮುಟ್ಟಿ 409ಕ್ಕೆ ಮುಗಿಯಿತು. ಇವತ್ತು ಸೋಮವಾರ 384. ಬಾಕ್ಸ್ ಒಳಗೇ ಇದೆ ಅಲ್ವಾ? ಇಟ್ಟುಕೊಳ್ಳಲಾ, ಮಾರಲಾ?

ಸಿಲ್ಕ್‌ಬೋರ್ಡ್_ಸಿಗ್ನಲ್
412 ಒಡೆದ ದಿನ ವಾಲ್ಯೂಮ್ ಎಷ್ಟಿತ್ತು?

ಬ್ರೇಕೌಟ್_ಗುರು
ಬಾಕ್ಸ್ ಸರಿಯಾಗಿದೆ ಮಗಾ. 20 ದಿನದ ಹೈ-ಲೋ ಎಲ್ಲರೂ ಹಾಕುವುದೇ. 351 ಒಡೆಯುವವರೆಗೆ ಕೈ ಕಟ್ಟಿ ಕೂತುಕೋ.

ಮಲ್ಲೇಶ್ವರಂ_ಮೇಷ್ಟ್ರು
ಎಲ್ಲರೂ ಹಾಕುತ್ತಾರೆ, ಆದರೆ ಅದು ಡಾರ್ವಾಸ್ ಬಾಕ್ಸ್ ಅಲ್ಲ. 20 ದಿನ ಎಣಿಸಿ ಮೇಲೆ ಕೆಳಗೆ ಗೆರೆ ಎಳೆದರೆ ಡೊಂಚಿಯನ್ ಚಾನೆಲ್ ಆಗುತ್ತದೆ. ಡಾರ್ವಾಸ್ ಬಾಕ್ಸಿನಲ್ಲಿ ದಿನಗಳ ಸಂಖ್ಯೆ ಮೊದಲೇ ಗೊತ್ತಿರುವುದಿಲ್ಲ. ಮೊದಲು ಮೇಲಿನ ಗೆರೆ ಗಟ್ಟಿಯಾಗಬೇಕು, ಆಮೇಲೆ ಕೆಳಗಿನದ್ದು. ಹರಿ ಅವರೇ, 412 ಬಂದ ದಿನದಿಂದ ಪ್ರತಿ ದಿನದ ಹೈ, ಲೋ ಹಾಕಿ. 352 ಯಾವಾಗ ಬಂದದ್ದು ಅಂತಲೂ ಹೇಳಿ.

ಹನುಮಂತನಗರ_ಹರಿ
ಸೋಮ 412/398. ಮಂಗಳ 409/394. ಬುಧ 411/390. ಗುರು 404/386. ಶುಕ್ರ 401/389. ಮತ್ತೆ ಸೋಮ 406/388. ಮಂಗಳ 410/391. ಬುಧವಾರ ನಾನು ತೆಗೆದುಕೊಂಡೆ. 352 ಬಂದದ್ದು ಅದಕ್ಕೂ ಮುಂಚೆ, ಷೇರು ಏರೋಕೆ ಶುರುವಾಗುವ ಮೊದಲು.

ಮಲ್ಲೇಶ್ವರಂ_ಮೇಷ್ಟ್ರು
ನೋಡಿ, ಎಷ್ಟು ಸಲೀಸು. ಸೋಮವಾರ 412, ಅದು ಹೊಸ ಹೈ. ಮಂಗಳ, ಬುಧ, ಗುರು ಮೂರು ದಿನ ಅದನ್ನು ದಾಟಲಿಲ್ಲ. ಗುರುವಾರ ಸಂಜೆಗೆ ಮೇಲಿನ ಗೆರೆ 412 ಅಂತ ನಿಂತಿತು. ನಡುವೆ ಯಾವತ್ತಾದರೂ 412.50 ಬಂದಿದ್ದರೆ ಎಣಿಕೆ ಮತ್ತೆ ಒಂದರಿಂದ ಶುರು. ಇನ್ನು ಕೆಳಗಿನದ್ದು. ಗುರುವಾರದ ಲೋ 386. ಶುಕ್ರ, ಸೋಮ, ಮಂಗಳ ಮೂರು ದಿನವೂ ಅದರ ಕೆಳಗೆ ಹೋಗಲಿಲ್ಲ. ಹಾಗಾಗಿ ತಳ 386. ನಿಮ್ಮ ಬಾಕ್ಸ್ 386ರಿಂದ 412. ಆ 352 ಹಳೇ ಮಹಡಿಯದ್ದು, ಈ ಮಹಡಿಗೆ ಸಂಬಂಧವಿಲ್ಲ. ಇವತ್ತು 384 ಅಂದರೆ ತಳ ಒಡೆದಾಗಿದೆ. ನನ್ನ ಪ್ರಕಾರ ಸ್ಟಾಪ್ 385 ಇರಬೇಕಿತ್ತು, ನೀವು ಈಗ ಹೊರಗಿರಬೇಕಿತ್ತು.

ಬ್ರೇಕೌಟ್_ಗುರು
"ಸೋಮವಾರ ಹೊಸ ಹೈ, ಆಮೇಲೆ ಮೂರು ದಿನ" ಅಂತೀರಿ. ಹೈ ಬಂದ ದಿನವನ್ನೂ ಸೇರಿಸಿ ಮೂರು ಎಣಿಸುವವರೂ ಇದ್ದಾರೆ ಸಾರ್. ಹಾಗೆ ಎಣಿಸಿದರೆ ಬುಧವಾರಕ್ಕೇ ಮೇಲಿನ ಗೆರೆ ಮುಗಿಯಿತು.

ಮಲ್ಲೇಶ್ವರಂ_ಮೇಷ್ಟ್ರು
ಎಣಿಸಿ. ತಳ ಆಗಲೂ 386ಕ್ಕೇ ಬರುತ್ತದೆ. ಮುಂದಕ್ಕೆ ಹೋಗೋಣವೇ?

ಪದ್ಮಕ್ಕ_ಬಸವನಗುಡಿ
ನನ್ನದೂ ಇದೇ ಕಥೆ. ಒಂದು ಸಣ್ಣ ಕಂಪನಿ ಷೇರು, ಬಾಕ್ಸ್ ತಳದ ಕೆಳಗೆ ಸ್ಟಾಪ್ ಹಾಕಿ ಮೊಮ್ಮಗಳ ನಾಮಕರಣಕ್ಕೆ ಮೈಸೂರಿಗೆ ಹೋದೆ. ಬೆಳಿಗ್ಗೆ ಒಂಬತ್ತು ಕಾಲಕ್ಕೇ ಲೋಯರ್ ಸರ್ಕ್ಯೂಟ್. 5 ಪರ್ಸೆಂಟ್ ಬ್ಯಾಂಡಿನ ಷೇರು ಅದು. ಸ್ಟಾಪ್ ಟ್ರಿಗರ್ ಆಗಿ ಆರ್ಡರ್ ಹೋಗಿ ಕೂತಿತು, ಕೊಳ್ಳುವವರೇ ಇಲ್ಲ. ನಾಲ್ಕು ದಿನ ಹೀಗೇ. ಐದನೇ ದಿನ ಮಾರಾಟವಾಗುವ ಹೊತ್ತಿಗೆ ನನ್ನ ಸ್ಟಾಪ್‌ಗಿಂತ ಸುಮಾರು 18 ಪರ್ಸೆಂಟ್ ಕೆಳಗೆ. ಬಾಕ್ಸು ಗೀಕ್ಸು ಎಲ್ಲ ಸುಮ್ನೆ.

ಬ್ರೇಕೌಟ್_ಗುರು
ಅಕ್ಕ ಹೇಳಿದ್ದು ಕೇಳಿದಿರಾ ಮೇಷ್ಟ್ರೇ? "ತಳದ ಕೆಳಗೆ ಸ್ಟಾಪ್". ತಪ್ಪೇ ಅಲ್ಲಿದೆ. ಈ ಬಾಕ್ಸ್ ಕಂಡುಹಿಡಿದ ಡಾರ್ವಾಸ್ ಕೊಳ್ಳುವಾಗ ತಳದ ಕೆಳಗೆ ಸ್ಟಾಪ್ ಇಡುತ್ತಿರಲಿಲ್ಲ. ಒಡೆದ ಗೆರೆಯ ಸ್ವಲ್ಪ ಕೆಳಗೆ ಇಡುತ್ತಿದ್ದ. 412 ಒಡೆಯಿತು, 413ಕ್ಕೆ ತೆಗೆದುಕೊಂಡೆ, ಸ್ಟಾಪ್ 411. ವಾಪಸ್ ಬಾಕ್ಸ್ ಒಳಗೆ ಬಂತೋ, ಆಟ ಮುಗೀತು. ಹರಿ ಬುಧವಾರವೇ 120 ಷೇರಿಗೆ 240 ರೂಪಾಯಿ ಕಳೆದುಕೊಂಡು ಹೊರಗೆ ಬಂದಿರುತ್ತಿದ್ದ. ನಿಮ್ಮ 385 ಅಂದರೆ 3,360 ರೂಪಾಯಿ. ನನ್ನ ಲೆಕ್ಕದಲ್ಲಿ ಹದಿನಾಲ್ಕು ಸಲ ಹೊಡೆಸಿಕೊಂಡರೂ ನಿಮ್ಮ ಒಂದು ಸಲಕ್ಕೆ ಸಮ.

ಪದ್ಮಕ್ಕ_ಬಸವನಗುಡಿ
ನಾನು ಹಾಗೆ ಹೇಳಿಲ್ಲಪ್ಪಾ. ಸರ್ಕ್ಯೂಟ್ ಬಿದ್ದರೆ ಸ್ಟಾಪ್ ಎಲ್ಲಿದ್ದರೂ ಒಂದೇ ಅಂದೆ.

ಮಲ್ಲೇಶ್ವರಂ_ಮೇಷ್ಟ್ರು
"ಹದಿನಾಲ್ಕು ಸಲ" ಅನ್ನೋದು ಬಾಯಲ್ಲಿ ಹೇಳೋಕೆ ಚೆನ್ನ. ಈ ಷೇರು ದಿನಕ್ಕೆ ಎಷ್ಟು ಓಡಾಡುತ್ತದೆ ಅಂತ ಮೇಲೆ ಹರಿ ಹಾಕಿದ ಅಂಕಿ ನೋಡಿ. ಸೋಮ 14 ರೂಪಾಯಿ, ಮಂಗಳ 15, ಬುಧ 21. ದಿನಕ್ಕೆ 15 ರೂಪಾಯಿ ಸುಮ್ಮನೆ ಅಲ್ಲಾಡುವ ಷೇರಿಗೆ 2 ರೂಪಾಯಿ ದೂರದಲ್ಲಿ ಸ್ಟಾಪ್ ಇಟ್ಟರೆ ಅದು ಸ್ಟಾಪ್ ಅಲ್ಲ, ದಕ್ಷಿಣೆ. ಬ್ರೇಕೌಟ್ ನಿಜವೇ ಆದರೂ ನಿಮ್ಮನ್ನು ಹೊರಗೆ ತಳ್ಳಿ ಆಮೇಲೆ ಏರುತ್ತದೆ.

ಬ್ರೇಕೌಟ್_ಗುರು
ದಕ್ಷಿಣೆ ಕೊಟ್ಟು ಡಾರ್ವಾಸ್ ಕೋಟ್ಯಧಿಪತಿ ಆದ. ನೀವು?

ಮಲ್ಲೇಶ್ವರಂ_ಮೇಷ್ಟ್ರು
ನನ್ನ ಡಿಮ್ಯಾಟ್ ವಿಷಯ ನಿಮಗ್ಯಾಕೆ? ಡಾರ್ವಾಸ್ ಅಂದಿರಲ್ಲ, ಅವನದ್ದೇ ತೆಗೆಯಿರಿ. ಲೋರಿಲಾರ್ಡ್ ಅನ್ನೋ ಸಿಗರೇಟ್ ಕಂಪನಿ ಷೇರು. ಬಾಕ್ಸ್ 24ರಿಂದ 27 ಡಾಲರ್. ಅವನು ಕೊಂಡದ್ದು 27.50ಕ್ಕೆ, ಸ್ಟಾಪ್ ಇಟ್ಟದ್ದು 26ಕ್ಕೆ. ಷೇರು ಸರಿಯಾಗಿ 26 ಮುಟ್ಟಿ ಅವನನ್ನು ಹೊರಹಾಕಿ ತಿರುಗಿ ಏರಿತು. ಮತ್ತೆ 28.75 ಕೊಟ್ಟು ಕೊಂಡ. ಬಿಗಿ ಸ್ಟಾಪಿನ ಬೆಲೆ ಅದು.

ಬ್ರೇಕೌಟ್_ಗುರು
ಮೇಷ್ಟ್ರೇ, ಥ್ಯಾಂಕ್ಸ್! "ಸ್ಟಾಪ್ 26ಕ್ಕೆ" ಅಂತ ನೀವೇ ಬರೆದಿರಿ. ಬಾಕ್ಸ್ ತಳ 24. ನಿಮ್ಮ ನಿಯಮದಂತೆ 23.90 ಇರಬೇಕಿತ್ತು ಅಲ್ವಾ? ಇಲ್ಲ! ಕೇಸ್ ಕ್ಲೋಸ್.

ಮಲ್ಲೇಶ್ವರಂ_ಮೇಷ್ಟ್ರು
27.50ಕ್ಕೂ 26ಕ್ಕೂ ಐದೂವರೆ ಪರ್ಸೆಂಟ್ ಅಂತರ. ಹರಿ ಷೇರಿಗೆ ಅದೇ ಅಳತೆ ಹಾಕಿದರೆ ಸ್ಟಾಪ್ 390ರ ಹತ್ತಿರ. ನಿಮ್ಮ 411 ಎಲ್ಲಿ, 390 ಎಲ್ಲಿ? ನಿಮ್ಮದು ಅರ್ಧ ಪರ್ಸೆಂಟ್.

ಬ್ರೇಕೌಟ್_ಗುರು
ಈಗ 390 ಅಂತೀರಿ. ಮೊದಲು 385 ಅಂದಿರಿ. ಗೆರೆ ಯಾಕೆ ಜಾರುತ್ತಿದೆ ಸಾರ್?

ಸಿಲ್ಕ್‌ಬೋರ್ಡ್_ಸಿಗ್ನಲ್
ವಾಲ್ಯೂಮ್??

ಮಲ್ಲೇಶ್ವರಂ_ಮೇಷ್ಟ್ರು
ಜಾರುತ್ತಿಲ್ಲ. ಅವನು ಆ ಸಲ ಹಾಗೆ ಮಾಡಿದ ಅಂದೆ. ನಾನು ತಳಕ್ಕೆ ಇಡುತ್ತೇನೆ, ಯಾಕೆಂದರೆ ತಳ ಒಡೆದರೆ ಮಾತ್ರ ಬಾಕ್ಸ್ ಸುಳ್ಳಾಗುತ್ತದೆ. ಇನ್ನೊಂದು ವಿಷಯ ನೆನಪಿರಲಿ. ಅವನು ಡ್ಯಾನ್ಸರ್. ಊರೂರು ತಿರುಗುತ್ತಿದ್ದ, ಬೆಲೆ ಟೆಲಿಗ್ರಾಂನಲ್ಲಿ ಬರುತ್ತಿತ್ತು. ಸ್ಟಾಪ್ ಹೊಡೆದದ್ದು ಅವನಿಗೆ ತಿಳಿಯುತ್ತಿದ್ದದ್ದೇ ತಡವಾಗಿ. ನೀವು ಮೆಟ್ರೋದಲ್ಲಿ ನಿಂತು ನಿಮಿಷಕ್ಕೊಮ್ಮೆ ಫೋನ್ ನೋಡಿ ಅವನ ಹಾಗೆ ವ್ಯಾಪಾರ ಮಾಡುತ್ತೇನೆ ಅಂದರೆ ಆಗಲ್ಲ.

ಬ್ರೇಕೌಟ್_ಗುರು
ನಾನು ಮೆಟ್ರೋದಲ್ಲಿ ಹೋಗಲ್ಲ, ಬೈಕ್ ಇದೆ.

ಹನುಮಂತನಗರ_ಹರಿ
ಸಾರ್, ಇಬ್ಬರೂ ಜಗಳ ಆಡಿ, ಬೇಡ ಅನ್ನಲ್ಲ. ನಾನು ತೆಗೆದುಕೊಂಡ ಮೇಲೆ ಗುರುವಾರ ಲೋ 397, ಶುಕ್ರವಾರ 389, ಇವತ್ತು 384. ಮೂರು ದಿನ 415 ದಾಟಿಲ್ಲ. ಹಾಗಾದರೆ 415 ಹೊಸ ಬಾಕ್ಸಿನ ಮೇಲಿನ ಗೆರೆ ಆಯಿತಲ್ಲ?

ಮಲ್ಲೇಶ್ವರಂ_ಮೇಷ್ಟ್ರು
ಆಯಿತು. ನಿಮಗೇ ಹೊಳೆಯಿತು ನೋಡಿ. ಹೊಸ ಮೇಲಿನ ಗೆರೆ 415. ತಳ ಇನ್ನೂ ಗೊತ್ತಿಲ್ಲ. ಇವತ್ತಿನ 384ರ ಕೆಳಗೆ ಮೂರು ದಿನ ಹೋಗದಿದ್ದರೆ ತಳ 384. ನಾಳೆಯೇ 379 ಬಂದರೆ ಎಣಿಕೆ ಮತ್ತೆ ಶುರು. ಅಲ್ಲಿಯವರೆಗೆ ಅದು ಬಾಕ್ಸೇ ಅಲ್ಲ, ಮುಚ್ಚಳ ಮಾತ್ರ.

ಬ್ರೇಕೌಟ್_ಗುರು
"ಹೊಸ ಮೇಲಿನ ಗೆರೆ 415" ಅಂದ ಮೇಲೆ ಹೊಸ ಬಾಕ್ಸ್ ಕಟ್ಟುತ್ತಿದೆ ಅಂತಾಯಿತು. ಮತ್ಯಾಕೆ ಮಾರಬೇಕು? ಇಟ್ಟುಕೋ ಹರಿ.

ಮಲ್ಲೇಶ್ವರಂ_ಮೇಷ್ಟ್ರು
ಅಯ್ಯೋ ರಾಮ! ಒಂದು ಗಂಟೆ ಮುಂಚೆ 411ಕ್ಕೆ ಹೊರಗೆ ಬರಬೇಕು ಅಂದವರು ನೀವು. ಈಗ 384ರಲ್ಲಿ ಇಟ್ಟುಕೋ ಅಂತೀರಾ? ಹಳೇ ಬಾಕ್ಸಿನ ತಳ ಒಡೆದ ಮೇಲೆ ಆ ಖರೀದಿಯ ಕಾರಣವೇ ಹೋಯಿತು. ಮುಂದೆ 384ರಿಂದ 415ರ ಬಾಕ್ಸ್ ಗಟ್ಟಿಯಾಗಿ 415 ಒಡೆದರೆ ಹೊಸದಾಗಿ ಕೊಂಡುಕೊಳ್ಳಲಿ. ಈಗ ಇಟ್ಟುಕೊಳ್ಳುವುದು ಬಾಕ್ಸ್ ವಿಧಾನ ಅಲ್ಲ, ಹರಕೆ.

ಬ್ರೇಕೌಟ್_ಗುರು
ನಾನು ಹೇಳಿದ್ದು ಸ್ಟಾಪ್ ಎಲ್ಲಿ ಇಡಬೇಕಿತ್ತು ಅಂತ. ಇಟ್ಟಿಲ್ಲದವನು ಏನು ಮಾಡಬೇಕು ಅನ್ನೋದು ಬೇರೆ ಪ್ರಶ್ನೆ. ಓದಿ ಉತ್ತರ ಕೊಡಿ.

ಪದ್ಮಕ್ಕ_ಬಸವನಗುಡಿ
ಹರಿ, ನಿನ್ನ ಹತ್ತಿರ ಒಟ್ಟು ದುಡ್ಡು ಎಷ್ಟು? ಅದನ್ನು ಯಾರೂ ಕೇಳಲಿಲ್ಲ.

ಹನುಮಂತನಗರ_ಹರಿ
ಷೇರಿಗೆ ಅಂತ ಇಟ್ಟಿರುವುದು 2 ಲಕ್ಷ ಮೇಡಂ. ಈ ಒಂದರಲ್ಲೇ 49,560.

ಪದ್ಮಕ್ಕ_ಬಸವನಗುಡಿ
ನಾನು ಆ ಪೆಟ್ಟು ತಿಂದ ಮೇಲೆ ಒಂದು ಸಲಕ್ಕೆ ನೂರಕ್ಕೆ ಒಂದರಷ್ಟೇ ಕಳೆದುಕೊಳ್ಳಬೇಕು ಅಂತ ಗಂಟು ಹಾಕಿಕೊಂಡೆ. ನಿನಗೆ ಅದು 2,000. ಮೇಷ್ಟ್ರ 385 ಇಟ್ಟರೆ ಷೇರಿಗೆ 28 ರೂಪಾಯಿ ಅಪಾಯ, ಅಂದರೆ 71 ಷೇರು. ನಿನ್ನ 351 ಇಟ್ಟರೆ 62 ರೂಪಾಯಿ, ಆಗ ಬರೀ 32. ನೀನು ಎರಡಕ್ಕೂ ಮೀರಿ 120 ತೆಗೆದುಕೊಂಡಿದ್ದೀಯ. 351ಕ್ಕೆ ಹೋದರೆ 7,440 ಹೋಗುತ್ತೆ. ಗೆರೆ ಎಲ್ಲಿ ಅನ್ನೋದಕ್ಕಿಂತ ನಿನ್ನ ತಪ್ಪು ಅಲ್ಲಿದೆ ಅನಿಸುತ್ತದೆ.

ಬ್ರೇಕೌಟ್_ಗುರು
ಅಕ್ಕ, 411 ಇಟ್ಟಿದ್ದರೆ 2 ರೂಪಾಯಿ ಅಪಾಯಕ್ಕೆ 1,000 ಷೇರು ತೆಗೆದುಕೊಳ್ಳಬಹುದಿತ್ತು.

ಪದ್ಮಕ್ಕ_ಬಸವನಗುಡಿ
4 ಲಕ್ಷ ಚಿಲ್ಲರೆ ಬೇಕು ಅದಕ್ಕೆ. ಅವನ ಹತ್ತಿರ ಇರುವುದೇ 2. ಮಾರನೇ ದಿನ 400ಕ್ಕೆ ಓಪನ್ ಆದರೆ ನಿನ್ನ 411 ಎಲ್ಲಿರುತ್ತೆ? 13,000 ಹೋಗುತ್ತೆ, ಎರಡು ಸಾವಿರ ಅಲ್ಲ.

ಮಲ್ಲೇಶ್ವರಂ_ಮೇಷ್ಟ್ರು
ಇದನ್ನೇ ನಾನು ಮೊದಲಿಂದ ಹೇಳುತ್ತಿರುವುದು.

ಪದ್ಮಕ್ಕ_ಬಸವನಗುಡಿ
ಇಲ್ಲ ಸಾರ್, ಹೇಳಿಲ್ಲ.

ಹನುಮಂತನಗರ_ಹರಿ
ನಾಳೆ ಬೆಳಿಗ್ಗೆ 60 ಮಾರುತ್ತೇನೆ. ಉಳಿದ 60 ಇಟ್ಟುಕೊಂಡು ಹೊಸ ಬಾಕ್ಸ್ ತಳ ಕಟ್ಟುತ್ತದಾ ನೋಡುತ್ತೇನೆ.

ಮಲ್ಲೇಶ್ವರಂ_ಮೇಷ್ಟ್ರು
ಅರ್ಧ ಬಾಕ್ಸ್ ಒಡೆಯಿತು, ಅರ್ಧ ಒಡೆದಿಲ್ಲ ಅಂತಲಾ?

ಬ್ರೇಕೌಟ್_ಗುರು
ಒಳ್ಳೇ ನಿರ್ಧಾರ ಹರಿ. ನಾನೂ ಅದನ್ನೇ ಹೇಳಬೇಕು ಅಂತಿದ್ದೆ.

ಸಿಲ್ಕ್‌ಬೋರ್ಡ್_ಸಿಗ್ನಲ್
ಮೂರನೇ ಸಲ ಕೇಳುತ್ತಿದ್ದೇನೆ. ಬುಧವಾರದ ವಾಲ್ಯೂಮ್.

ಹನುಮಂತನಗರ_ಹರಿ
ಸಾರಿ, ಈಗ ನೋಡಿದೆ. ಮಂಗಳವಾರಕ್ಕಿಂತ ಕಡಿಮೆ. ಆ ಎಂಟು ದಿನದಲ್ಲೇ ಎಲ್ಲಕ್ಕಿಂತ ಕಡಿಮೆ.

ಸಿಲ್ಕ್‌ಬೋರ್ಡ್_ಸಿಗ್ನಲ್
ಸರಿ. ವಾಲ್ಯೂಮ್ ಇಲ್ಲದೆ ಒಡೆದದ್ದು ಬ್ರೇಕೌಟೇ ಅಲ್ಲ. 60 ಅಲ್ಲ, 120 ಮಾರಿ.