ಪದಚರ್ಚೆ: ‘ಮಚ್ಚೆ’, ‘ಗುಪ್ತ ಪ್ರಕರಣ’, ‘ನಿರ್ಮೂಲನ’ – ಕುಷ್ಠರೋಗದ ಕರಪತ್ರಕ್ಕೆ ಯಾವ ಮಾತು?

ಪ್ರಶ್ನೆ (ಹಾವೇರಿ ಜಿಲ್ಲೆಯಿಂದ, ಪ್ರೌಢಶಾಲೆಯ ಕನ್ನಡ ಶಿಕ್ಷಕಿ)

ಎಲ್ಲರಿಗೂ ನಮಸ್ಕಾರ.

ನಮ್ಮೂರಿನ ಆಶಾ ಕಾರ್ಯಕರ್ತೆ ಮೊನ್ನೆ ಒಂದು ಕರಪತ್ರ ಹಿಡಿದುಕೊಂಡು ಮನೆಗೆ ಬಂದಿದ್ದರು. “ಅಕ್ಕೋರ, ಇದನ್ನ ನಮ್ಮ ಮಂದಿಗೆ ತಿಳಿಯೂ ಹಂಗ ಬರದು ಕೊಡ್ರಿ” ಅಂದರು. ಕುಷ್ಠರೋಗ ಪತ್ತೆಗಾಗಿ ಮನೆಮನೆಗೆ ಹೋಗುವಾಗ ಹಂಚುವ ಹಾಳೆ ಅದು. ಬರೆಯಲು ಕೂತಾಗ ಮೂರು ಕಡೆ ಸಿಕ್ಕಿಬಿದ್ದೆ.

ಮೊದಲನೆಯದು, “ಸ್ಪರ್ಶಜ್ಞಾನವಿಲ್ಲದ ತಿಳಿ ಬಿಳಿ ಅಥವಾ ತಾಮ್ರ ಬಣ್ಣದ ಮಚ್ಚೆ”. ನಮ್ಮ ಕಡೆ ಮಚ್ಚಿ ಎಂದರೆ ಹುಟ್ಟುವಾಗಲೇ ಬಂದದ್ದು. “ಮೈಮ್ಯಾಲೆ ಮಚ್ಚಿ ಅದಾವೇನ್ರಿ?” ಎಂದು ಆಶಾ ಕೇಳಿದರೆ, “ಅದಾವಲ್ಲ, ಹುಟ್ಟಿದಾಗಿಂದ ಅದಾವ” ಎಂದು ಕೆನ್ನೆಯ ಮೇಲಿನ ಕಪ್ಪು ಚುಕ್ಕೆ ತೋರಿಸುತ್ತಾರಂತೆ. ಸ್ಪರ್ಶಜ್ಞಾನ ಎಂಬುದನ್ನು ಬಾಯಲ್ಲಿ ಯಾರೂ ಆಡುವುದಿಲ್ಲ. ‘ಜೋಮು’ ಎಂದು ಬರೆಯೋಣವೆಂದರೆ, ಕಾಲು ಮಡಚಿ ಕೂತು ಎದ್ದಾಗ ಆಗುವ ಜೋಮು ಎಲ್ಲರಿಗೂ ಇದೆ.

ಎರಡನೆಯದು, “ಸಮುದಾಯದಲ್ಲಿರುವ ಗುಪ್ತ ಪ್ರಕರಣಗಳು”. ಗುಪ್ತ ಎಂದೊಡನೆ ನಮ್ಮವರಿಗೆ ನೆನಪಾಗುವುದು ಬಸ್ ನಿಲ್ದಾಣದ ಗೋಡೆಯ ಮೇಲಿನ ‘ಗುಪ್ತರೋಗ’ದ ಜಾಹೀರಾತು. ಪ್ರಕರಣ ಎಂದರೆ ಪೊಲೀಸ್ ಠಾಣೆ. ಎರಡೂ ಸೇರಿದರೆ ಯಾವ ಹೆಣ್ಣುಮಗಳು ತಾನಾಗಿ ಮುಂದೆ ಬಂದಾಳು?

ಮೂರನೆಯದು ‘ನಿರ್ಮೂಲನ’. ಹಾಳೆಯ ಮೇಲ್ತುದಿಯಲ್ಲಿ ಕಾರ್ಯಕ್ರಮದ ಹೆಸರಿನಲ್ಲೇ ಅದಿದೆ. ಓದಿದ ಹುಡುಗನೊಬ್ಬ ನನ್ನನ್ನೇ ಕೇಳಿದ: “ಮೂಲನಾ ಹೋದ ಮ್ಯಾಲೆ ಮತ್ಯಾಕ ಹುಡುಕಾಕ ಬರ್ತಾರ್ರಿ?” ಉತ್ತರ ಹೊಳೆಯಲಿಲ್ಲ.

ಬಲ್ಲವರು ತಿಳಿಸಬೇಕು. ಹಾಳೆ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ.

ಧಾರವಾಡದಿಂದ, ನಿವೃತ್ತ ಕನ್ನಡ ಪ್ರಾಧ್ಯಾಪಕರು

‘ನಿರ್ಮೂಲನ’ ಎಂದರೆ ಬೇರು ಸಹಿತ ಕಿತ್ತುಹಾಕುವುದು. ಪದದಲ್ಲಿ ದೋಷವಿಲ್ಲ. ಸಿಡುಬಿನ ವಿಷಯದಲ್ಲಿ ಅದು ಅಕ್ಷರಶಃ ನಡೆಯಿತು. 1980ರಲ್ಲಿ ಜಗತ್ತಿನಿಂದಲೇ ಹೋಯಿತೆಂದು ಘೋಷಿಸಿದರು. ಕುಷ್ಠರೋಗವೂ ನಮ್ಮ ದೇಶದಲ್ಲಿ 2005ರ ಡಿಸೆಂಬರಿನಲ್ಲಿ ಹಾಗೆಯೇ ಮುಗಿಯಿತು. ಈಗ ಅಲ್ಲೊಂದು ಇಲ್ಲೊಂದು ಉಳಿದಿರಬಹುದು. ಹುಡುಗನಿಗೆ ಅಷ್ಟು ಹೇಳಿದರೆ ಸಾಕು. ‘ಗುಪ್ತ’ದ ಬದಲು ‘ಅಡಗಿದ’ ಎನ್ನಿ, ಅಚ್ಚಕನ್ನಡವೂ ಆಯಿತು.

ಗದಗಿನಿಂದ, ಕುಷ್ಠರೋಗ ವಿಭಾಗದ ನಿವೃತ್ತ ಕಾರ್ಯಕರ್ತರು

ಪ್ರಾಧ್ಯಾಪಕ ಸಾಹೇಬರಿಗೆ ನಮಸ್ಕಾರ. ತಾವು ಹೇಳಿದ ತಿಂಗಳು, ವರ್ಷ ಎರಡೂ ಸರಿ. ಆದರೆ ಆವತ್ತು ಘೋಷಣೆ ಆದದ್ದು ಬೇರು ಕಿತ್ತಿತೆಂದು ಅಲ್ಲ. ಹತ್ತು ಸಾವಿರ ಜನಕ್ಕೆ ಔಷಧಿ ತಗೊಳ್ತಿರೋ ರೋಗಿ ಒಬ್ಬನಿಗಿಂತ ಕಡಿಮೆ ಆದರೆ, ರೋಗ ಇನ್ನು ಸಾರ್ವಜನಿಕ ಆರೋಗ್ಯದ ದೊಡ್ಡ ಸಮಸ್ಯೆ ಅಲ್ಲ ಅಂತ ವಿಶ್ವ ಆರೋಗ್ಯ ಸಭೆ 1991ರಲ್ಲಿ ಒಂದು ಗೆರೆ ಹಾಕಿತ್ತು. ದೇಶದ ಸರಾಸರಿ ಆ ಗೆರೆ ಕೆಳಗ ಬಂತು, ಅಷ್ಟೇ. ಸಿಡುಬು ಹೋದದ್ದು ಬೇರೆ, ಇದು ಬೇರೆ. ಇಂಗ್ಲಿಷಿನಲ್ಲಿ ಆ ಎರಡಕ್ಕೂ ಬೇರೆ ಬೇರೆ ಶಬ್ದ ಇವೆ. ನಾವು ಎರಡಕ್ಕೂ ನಿರ್ಮೂಲನ ಅಂದುಬಿಟ್ಟೆವು.

ಆ ಗೆರೆ ಒಳಗೊಂದು ಲೆಕ್ಕ ಐತಿ, ಅದನ್ನ ಬಿಡಿಸಿ ಹೇಳ್ತೀನಿ. ಎರಡು ಲಕ್ಷ ಜನ ಇರೋ ಒಂದು ತಾಲ್ಲೂಕು ಅಂದ್ಕೊಳ್ಳಿ. ವರ್ಷಕ್ಕ 18 ಮಂದಿ ಹೊಸ ರೋಗಿಗಳು ಸಿಗ್ತಾರ, ಎಲ್ಲರಿಗೂ ದೀರ್ಘ ಚಿಕಿತ್ಸೆ. ಮೊದಲು ಆ ಚಿಕಿತ್ಸೆ 24 ತಿಂಗಳು ಇತ್ತು. ಅಂದ್ರ ಯಾವತ್ತು ಪುಸ್ತಕ ತೆಗೆದು ನೋಡಿದ್ರೂ ಈ ವರ್ಷದ 18, ಹೋದ ವರ್ಷದ 18, ಒಟ್ಟು 36 ಹೆಸರು. ಹತ್ತು ಸಾವಿರಕ್ಕ 1.8. ತೊಂಬತ್ತರ ದಶಕದ ಕೊನೆಗೆ 12 ತಿಂಗಳು ಸಾಕು ಅಂತ ಆತು. ಪುಸ್ತಕದಾಗ ಉಳಿದದ್ದು 18 ಹೆಸರು, 0.9. ಗೆರೆ ದಾಟಿದ್ವಿ. ಹೊಸ ರೋಗಿ ಮಾತ್ರ ಒಬ್ಬನೂ ಕಡಿಮೆ ಆಗಲಿಲ್ಲ. ಚಿಕಿತ್ಸೆ ಮೊಟಕು ಮಾಡಿದ್ದು ತಪ್ಪು ಅಂತ ನಾನು ಹೇಳೂದಿಲ್ಲ, ಅದರಿಂದ ಮಂದಿಗೆ ಒಳ್ಳೇದೇ ಆತು. ಆದರೆ ಲೆಕ್ಕ ಇಳಿದದ್ದು ಪೂರ್ತಿ ರೋಗ ಇಳಿದದ್ದಲ್ಲ. ಮತ್ತ ಪತ್ತೆನೇ ಆಗದವರು ಈ ಲೆಕ್ಕದಾಗ ಇಲ್ಲವೇ ಇಲ್ಲ.

ಅಕ್ಕೋರ ಹುಡುಗನಿಗೆ ಹೇಳಬಹುದಾದ ಉತ್ತರ ಇದು: “ಕಡಿಮೆ ಆಗೈತಿ, ಹೋಗಿಲ್ಲ.” ಕಾರ್ಯಕ್ರಮದ ಹೆಸರು ನಮ್ಮ ಕೈಯಾಗಿಲ್ಲ. ಒಳಗಿನ ಮಾತಿಗೆ ‘ತಗ್ಗಿಸುವುದು’ ಅಂತ ಬರೀರಿ.

ಹುಬ್ಬಳ್ಳಿಯಿಂದ, ಬ್ಯಾಂಕ್ ನೌಕರರು

ಪ್ರಶ್ನೆ ಬೇರೆ ಇರಬಹುದು, ಆದರೂ ಹೇಳದೆ ಇರಲಾರೆ. ನನಗೆ ಹದಿನಾರು ವರ್ಷದಿಂದ ತೊನ್ನು. ಕೈಬೆರಳು, ತುಟಿ ಬೆಳ್ಳಗಿವೆ. ನಮ್ಮ ಅಜ್ಜಿ ಕಾಲದಿಂದ ಇದನ್ನು ‘ಬಿಳಿಕುಷ್ಠ’ ಅನ್ನುತ್ತಾ ಬಂದರು. ತಂಗಿಗೆ ನೋಡಲು ಬಂದ ಎರಡು ಮನೆಯವರು ನನ್ನ ಕೈ ನೋಡಿ ಎದ್ದು ಹೋಗಿದ್ದಾರೆ. ಈಗ ಊರೂರಿಗೆ ‘ಬಿಳಿ ಮಚ್ಚೆ’ ಎಂದು ಹಾಳೆ ಹಂಚಿದರೆ ನನ್ನಂಥವರ ಗತಿಯೇನು? ದಯವಿಟ್ಟು ‘ಕುಷ್ಠ’ ಎಂಬ ಪದವನ್ನೇ ಕೈಬಿಡಿ.

ಗದಗಿನಿಂದ, ಮತ್ತೆ

ಹುಬ್ಬಳ್ಳಿ ತಮ್ಮಾ, ನಿನ್ನ ಮಾತು ಪ್ರಶ್ನೆಗೆ ಹೊರಗಿನದಲ್ಲ. ತೊನ್ನಿನಾಗ ಬಣ್ಣ ಪೂರ್ತಿ ಹೋಗ್ತೈತಿ, ಸುಣ್ಣದ ಹಂಗ. ಮುಟ್ಟಿದ್ರ ಚೆನ್ನಾಗಿ ಗೊತ್ತಾಗ್ತೈತಿ. ಕುಷ್ಠದ ಕಲೆ ಎಂದೂ ಸುಣ್ಣದಷ್ಟು ಬಿಳಿ ಆಗೂದಿಲ್ಲ. ಮಬ್ಬಾಗಿರ್ತೈತಿ, ಇಲ್ಲಾ ಕೆಂಪು ಛಾಯೆ. ಅದಕ್ಕ ‘ಬಿಳಿ’ ಅನ್ನೋ ಶಬ್ದ ಆ ಹಾಳ್ಯಾಗ ಇರಬಾರದು. ನಾವು ಮನೆಮನೆಗೆ ಹೋದಾಗ ‘ಬಣ್ಣಗೆಟ್ಟ ಕಲೆ’ ಅಂತಿದ್ವಿ. ಚಿಬ್ಬೂ ಬಣ್ಣ ಕೆಡಸ್ತೈತಿ, ಅದರ ಮ್ಯಾಲೆ ಹೊಟ್ಟು ಏಳ್ತೈತಿ, ಅಲ್ಲೂ ಮುಟ್ಟಿದ್ದು ಗೊತ್ತಾಗ್ತೈತಿ.

ಸ್ಪರ್ಶಜ್ಞಾನಕ್ಕ ನಾಮಪದ ಹುಡುಕಬೇಡ್ರಿ ಅಕ್ಕೋರ. ಕೆಲಸವನ್ನ ಬರೀರಿ: “ಕಣ್ಣು ಮುಚ್ಚಿಕೊಳ್ರಿ. ಬೇರೆಯವರು ಬಾಲ್‌ಪೆನ್ನಿನ ತುದಿಯಿಂದ ಕಲೆಯನ್ನು ಮೆತ್ತಗ ಮುಟ್ಟಲಿ. ಎಲ್ಲಿ ಮುಟ್ಟಿದ್ರು ಅಂತ ಬೆರಳಿಟ್ಟು ತೋರಸ್ರಿ.” ತೋರಿಸಲಿಕ್ಕೆ ಆಗದಿದ್ರ ದವಾಖಾನಿಗೆ. ಪೆನ್ನನ್ನ ಎಳೀಬಾರದು, ಒತ್ತಬಾರದು. ಎಳೆದರ ಪಕ್ಕದ ಚರ್ಮಕ್ಕ ಗೊತ್ತಾಗಿ ತಪ್ಪು ಉತ್ತರ ಬರ್ತೈತಿ.

ಇಷ್ಟಕ್ಕೇ ನಿಲ್ಲಿಸಿದರ ಇನ್ನೊಂದು ದೊಡ್ಡ ತಪ್ಪು ಆಗ್ತೈತಿ. ನನ್ನ ಕೈಯಿಂದಲೇ ಆದದ್ದನ್ನ ಹೇಳ್ತೀನಿ.

ಒಂದು ಮನ್ಯಾಗ ಹೊಲಕ್ಕ ಕಳೆ ತೆಗೀಲಿಕ್ಕೆ ಹೋಗೋ ಹೆಣ್ಣುಮಗಳು. ಎರಡೂ ತೋಳು, ಬೆನ್ನಿನ ಮೇಲ್ಭಾಗ ಸೇರಿ ಐದು ಕಲೆ ಎಣಿಸಿದೆ. ಒಂದರಿಂದ ಐದು ಇದ್ದರ ಪಿಬಿ ಗುಂಪು, ಆರು ತಿಂಗಳ ಚಿಕಿತ್ಸೆ. ಆರು ಆದ್ರ ಎಂಬಿ, ಹನ್ನೆರಡು ತಿಂಗಳು. ಎರಡು ನರ ದಪ್ಪ ಆಗಿದ್ರೂ, ಚರ್ಮದ ಪರೀಕ್ಷ್ಯಾಗ ರೋಗಾಣು ಕಂಡ್ರೂ ಎಂಬಿನೇ. ನಾನು ಪಿಬಿ ಅಂತ ಬರದೆ. ಹಿರಿಯ ನರ್ಸ್ ಬಾಯಾರು ಒಪ್ಪಲಿಲ್ಲ. ಆಕೀನ್ನ ಒಳಗ ಕರ್ಕೊಂಡು ಹೋಗಿ, ಕಿಟಕಿ ಬೆಳಕಿಗೆ ನಿಲ್ಲಿಸಿ, ಸೀರೆ ಕೆಳಗ ಸೊಂಟ, ತೊಡೆ ನೋಡಿದ್ರು. ಇನ್ನೂ ಎರಡು ಕಲೆ. ಒಟ್ಟು ಏಳು. ನಾನು ಬರೆದದ್ದೇ ನಿಂತಿದ್ದರ ಆಕೀಗೆ ಬೇಕಾದದ್ದರ ಅರ್ಧ ಅವಧಿಗೆ ಔಷಧಿ ನಿಲ್ತಿತ್ತು, ಮುಂದ ಕೆಲವು ವರ್ಷಕ್ಕ ರೋಗ ಮರಳೋ ಅಪಾಯ ಇತ್ತು.

ಆಮೇಲೆ ಮನಿಮಂದೀನೆಲ್ಲ ನೋಡಿದ್ವಿ. ಆಕೀ ಭಾವ ಕಟ್ಟೀ ಮ್ಯಾಲೆ ಕೂತಿದ್ದ. “ನಂಗ ಯಾವ ಕಲೀನೂ ಇಲ್ಲ, ಎಲ್ಲಾ ಕಡೆ ಗೊತ್ತಾಗ್ತೈತಿ” ಅಂದ. ಅವ ಸುಳ್ಳು ಹೇಳಲಿಲ್ಲ. ಮುಖ ಎಣ್ಣೆ ಸವರಿದಂಗ ಮಿಂಚತಿತ್ತು, ಕಿವಿಹಾಲೆ ದಪ್ಪ, ಹುಬ್ಬಿನ ಹೊರತುದಿ ಉದುರಿತ್ತು. ಊರವರು “ಮುಖದಾಗ ಕಳೆ ಬಂದೈತಿ” ಅಂತಿದ್ರಂತ. ಕಿವಿಹಾಲೆಯಿಂದ ತೆಗೆದ ಮಾದರ್‍ಯಾಗ ರೋಗಾಣು ತುಂಬಿದ್ವು. ಈ ಬಗೆಯವರಿಂದಲೇ ರೋಗ ಹೆಚ್ಚು ಹರಡೂದು, ಇವರಿಗೆ ಮೊದಮೊದಲು ಮರಗಟ್ಟಿದ ಕಲೆ ಇರೂದೇ ಇಲ್ಲ ಅನ್ನಬಹುದು. ಹಿಂದಿನ ಮೂರು ಸುತ್ತಿನ ತಪಾಸಣೆಯಾಗ ಅವನಿಗೂ ಅದೇ ಪ್ರಶ್ನೆ ಕೇಳಿದ್ವಿ: “ಸ್ಪರ್ಶಜ್ಞಾನ ಇಲ್ಲದ ಮಚ್ಚೆ ಅದಾವೇನು?” ಮೂರು ಸಲವೂ ಇಲ್ಲ ಅಂದ. ಮೂರು ಸಲವೂ ಬರಕೊಂಡು ಬಂದ್ವಿ.

ಅವ ಅಡಗಿರಲಿಲ್ಲರಿ ಪ್ರಾಧ್ಯಾಪಕರ. ಕಟ್ಟೀ ಮ್ಯಾಲೇ ಕೂತಿದ್ದ.

ಧಾರವಾಡದಿಂದ

ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. 2005ರ ಬಗ್ಗೆಯೂ, ‘ಅಡಗಿದ’ ಎಂಬುದರ ಬಗ್ಗೆಯೂ. ಅಡಗುವವನು ರೋಗಿ ಎಂಬ ಅರ್ಥ ಆ ಪದದಲ್ಲೇ ಕೂತಿದೆ. ‘ಬಚ್ಚಿಟ್ಟ’ ಎಂಬುದು ಇನ್ನೂ ಕೆಟ್ಟದ್ದು. ‘ಪತ್ತೆ ಹಚ್ಚು’ ಎಂಬುದಕ್ಕೂ ಕಳ್ಳನ ವಾಸನೆ ಇದೆ. ‘ಕಣ್ಣಿಗೆ ಬೀಳದ ರೋಗಿಗಳು’ ಎಂದರೆ ಹೊಣೆ ನೋಡುವವರ ಕಣ್ಣಿಗೆ ಬರುತ್ತದೆ. ಆದರೆ ‘ಕುಷ್ಠ’ ಬಿಡಬೇಕೆಂಬುದನ್ನು ನಾನು ಒಪ್ಪಲಾರೆ. ‘ಹ್ಯಾನ್ಸನ್ ರೋಗ’ ಎಂದು ಬರೆದರೆ ಹಳ್ಳಿಯಲ್ಲಿ ಯಾರಿಗೂ ತಿಳಿಯದು.

ಹುಬ್ಬಳ್ಳಿಯಿಂದ

ತಿಳಿಯದ ಹೆಸರಾದರೆ ಹೆದರಿಕೆಯೂ ಇರುವುದಿಲ್ಲ ಸರ್. ರೋಗಿಗೆ ಆರಂಭದಲ್ಲಿ ಅಷ್ಟು ಸಾಕಲ್ಲವೆ? ‘ಬಿಳಿ’ ತೆಗೆದದ್ದಕ್ಕೆ ಋಣಿಯಾಗಿದ್ದೇನೆ. ಹೆಸರಿನ ವಿಷಯದಲ್ಲಿ ನನ್ನ ಮನಸ್ಸು ಬದಲಾಗಿಲ್ಲ.

ಹಾವೇರಿ ಜಿಲ್ಲೆಯಿಂದ, ಶಿಕ್ಷಕಿ

ಎಲ್ಲರಿಗೂ ವಂದನೆ. ನಿನ್ನೆ ಆಶಾ ಅವರ ಜೊತೆ ಕೂತು ಹಾಳೆ ತಿದ್ದಿದೆ. ‘ಮಚ್ಚೆ’ ಹೋಗಿ ‘ಆಮೇಲೆ ಬಂದ, ಬಣ್ಣಗೆಟ್ಟ ಕಲೆ’ ಬಂತು. ಪೆನ್ನಿನ ಪರೀಕ್ಷೆ ಮೂರು ಸಾಲಿನಲ್ಲಿದೆ. ಅದರ ಕೆಳಗೆ, “ಕಲೆ ಇಲ್ಲದಿದ್ದರೂ ಕಿವಿ ದಪ್ಪ ಆಗಿದ್ದರೆ, ಹುಬ್ಬು ಉದುರಿದ್ದರೆ, ಮುಖ ಮಿಂಚುತ್ತಿದ್ದರೆ ತೋರಿಸಿಕೊಳ್ಳಿ” ಎಂದು ಬರೆದೆವು. ಹೆಸರು ಸದ್ಯಕ್ಕೆ ‘ಕುಷ್ಠರೋಗ’ ಎಂದೇ ಇದೆ, ಹುಬ್ಬಳ್ಳಿಯವರು ಕ್ಷಮಿಸಬೇಕು. ಆದರೆ ಅದು ಹಾಳೆಯ ಮೊದಲ ಸಾಲಿನಲ್ಲಿಲ್ಲ.

ಪಿಬಿ, ಎಂಬಿ ಎಂಬುದಕ್ಕೆ ಕನ್ನಡ ಕೇಳೋಣವೆಂದಿದ್ದೆ. ಔಷಧಿಯ ಹಾಳೆಯ ಬಣ್ಣ ನೋಡಿ ‘ಹಸಿರು ಪಾಕೀಟು, ಕೆಂಪು ಪಾಕೀಟು’ ಎಂದು ರೋಗಿಗಳೇ ಹೆಸರಿಟ್ಟುಕೊಂಡಿದ್ದಾರೆ ಎಂದರು ಆಶಾ. ಆದರೆ ಕೆಂಪು ಪಾಕೀಟು ಎಂದರೆ ಓಣಿಗೆಲ್ಲ ಗೊತ್ತಾಗುತ್ತದಂತೆ. ಅದರಲ್ಲಿನ ಒಂದು ಗುಳಿಗೆಯಿಂದ ಮೈ ಕಪ್ಪಾಗುವುದೂ ಜನಕ್ಕೆ ಗೊತ್ತು. ಹಾಗಾಗಿ ಒಬ್ಬಾಕೆ ಗುಳಿಗೆಗಳನ್ನು ಬಿಡಿಸಿ ಅರಿಶಿನದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು. ಯಾವ ದಿನದ್ದು ಯಾವುದು ಎಂಬುದು ಕಲೆಸಿಹೋಯಿತು. ಇದನ್ನು ಹಾಳೆಯಲ್ಲಿ ಹೇಗೆ ಹೇಳುವುದು? “ಪಾಕೀಟಿನಿಂದ ಬಿಡಿಸಬೇಡಿ” ಎಂದರೆ ಆಕೆಯ ಅಂಜಿಕೆಗೆ ಉತ್ತರವಾಗುವುದಿಲ್ಲ. ಗದಗಿನ ಸರ್, ನಿಮ್ಮ ಕಾಲದಲ್ಲಿ ಏನು ಹೇಳುತ್ತಿದ್ದಿರಿ?